ಮೊದಲ ಮೀಟ್‌ಗೆ ಮಗುವನ್ನು ಕರೆತರುವ ಅಪ್ಪ ಅಮ್ಮಂದಿರಿಗೆ: ನಾಲ್ಕು ಈಜು, ಡಿಕ್ಯೂ ಆಗುವ ಕಾರಣಗಳು

ಬರುವ ಭಾನುವಾರ ನಮ್ಮ ದಾವಣಗೆರೆ ಕ್ಲಬ್‌ನ 14 ಮಕ್ಕಳು ಮೊದಲ ಸಲ ಮೀಟ್‌ನಲ್ಲಿ ಈಜುತ್ತಾರೆ. ಹೋದ ವರ್ಷ ನನ್ನ ಮಗಳೂ ಹೀಗೇ ಇಳಿದಿದ್ದಳು. 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡನೆಯವಳಾಗಿ ಬಂದಳು. ನಾವು ಎದ್ದು ನಿಂತು ಚಪ್ಪಾಳೆ ಹೊಡೆದೆವು. ಆಮೇಲೆ ಗೋಡೆಗೆ ಅಂಟಿಸಿದ ಹಾಳೆ ನೋಡಿದರೆ, ಅವಳ ಹೆಸರಿನ ಮುಂದೆ ಟೈಮಿಂಗ್ ಇಲ್ಲ, ಡಿಕ್ಯೂ ಅಂತಿದೆ. ಕೊನೆಯಲ್ಲಿ ಬಲಗೈ ಒಂದರಲ್ಲೇ ಗೋಡೆ ಮುಟ್ಟಿದ್ದಳು. ಅಂಥ ನಿಯಮ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಟವೆಲ್ ಸುತ್ತಿಕೊಂಡು ಅಳುತ್ತಿದ್ದವಳಿಗೆ ಏನು ಹೇಳಬೇಕೋ ತೋಚಲಿಲ್ಲ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಡಿಕ್ಯೂ ಅಂದರೆ ಡಿಸ್ಕ್ವಾಲಿಫೈ. ಆ ಒಂದು ರೇಸ್ ಲೆಕ್ಕಕ್ಕಿಲ್ಲ, ಅಷ್ಟೇ. ಮುಂದಿನ ರೇಸ್‌ಗೆ ಮಗು ಮಾಮೂಲಿನಂತೆ ಇಳಿಯಬಹುದು.

ಶುರುವಿನಲ್ಲೇ ಒಂದು ಅಪಾಯ ಇದೆ. ರೆಫರಿ ಚಿಕ್ಕ ಚಿಕ್ಕ ಸೀಟಿ ಊದಿದಾಗ ಮಕ್ಕಳು ತಯಾರಾಗಬೇಕು. ಉದ್ದ ಸೀಟಿಗೆ ಬ್ಲಾಕ್ ಹತ್ತಬೇಕು, ಬ್ಯಾಕ್‌ಸ್ಟ್ರೋಕ್ ಆದರೆ ನೀರಿಗಿಳಿಯಬೇಕು. ‘ಟೇಕ್ ಯುವರ್ ಮಾರ್ಕ್ಸ್’ ಅಂದ ಮೇಲೆ ಅಲುಗಾಡದೆ ನಿಲ್ಲಬೇಕು. ಸಿಗ್ನಲ್‌ಗೆ ಮುಂಚೆ ಹಾರಿದರೆ ಡಿಕ್ಯೂ, ಇನ್ನೊಂದು ಅವಕಾಶ ಇಲ್ಲ. ಆ ಹೊತ್ತಿನಲ್ಲಿ ದಯವಿಟ್ಟು ಯಾರೂ ಮಗುವಿನ ಹೆಸರು ಹಿಡಿದು ಕೂಗಬೇಡಿ.

ಫ್ರೀಸ್ಟೈಲ್‌ನಲ್ಲಿ ಹೆಚ್ಚು ಚಿಂತೆ ಬೇಡ. ಸುಸ್ತಾಗಿ ಮಧ್ಯದಲ್ಲಿ ನಿಂತರೂ ಪರವಾಗಿಲ್ಲ, ಆದರೆ ತಳದಲ್ಲಿ ನಡೆಯುವಂತಿಲ್ಲ, ಲೇನ್ ಹಗ್ಗ ಎಳೆದುಕೊಂಡು ಮುಂದೆ ಹೋಗುವಂತಿಲ್ಲ. ತಿರುಗುವಾಗ ದೇಹದ ಯಾವುದಾದರೂ ಭಾಗ ಗೋಡೆಗೆ ತಾಗಲೇಬೇಕು.

ಬ್ಯಾಕ್‌ಸ್ಟ್ರೋಕ್‌ನಲ್ಲಿ ಅಂಗಾತ ಮಲಗಿಯೇ ಗೋಡೆ ಮುಟ್ಟಿ ಮುಗಿಸಬೇಕು. ಗೋಡೆ ಎಲ್ಲಿದೆ ಅಂತ ನೋಡಲು ಹೋಗಿ ಮಕ್ಕಳು ಬೋರಲಾಗಿಬಿಡುತ್ತಾರೆ. ಗೋಡೆಗೆ 5 ಮೀಟರ್ ಮುಂಚೆ ಮೇಲೆ ಸಾಲು ಬಾವುಟ ಕಟ್ಟಿರುತ್ತಾರೆ. ಅದು ಕಂಡ ಮೇಲೆ ತನಗೆ ಎಷ್ಟು ಸಲ ಕೈ ಬೀಸಬೇಕು ಅಂತ ಮಗುವಿಗೆ ಬಾಯಿಪಾಠ ಆಗಿರಬೇಕು. ನಾಲ್ಕೋ ಆರೋ, ಈ ವಾರ ಪ್ರಾಕ್ಟೀಸ್‌ನಲ್ಲಿ ಎಣಿಸಿಸಿ.

ಜಾಸ್ತಿ ಮಕ್ಕಳು ಸಿಕ್ಕಿಬೀಳುವುದು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ. ತಿರುಗುವಾಗಲೂ ಮುಗಿಸುವಾಗಲೂ ಎರಡೂ ಕೈ ಒಟ್ಟಿಗೆ ಗೋಡೆಗೆ ತಾಗಬೇಕು. ಒಂದರ ಮೇಲೊಂದು ಕೈ ಇಟ್ಟು ಮುಟ್ಟಿದರೆ ಆಗುವುದಿಲ್ಲ, ಎರಡೂ ಬಿಡಿಬಿಡಿಯಾಗಿರಬೇಕು. ಇನ್ನು ಕಾಲು. ಕಪ್ಪೆಯ ಹಾಗೆ ಎರಡೂ ಕಾಲು ಒಟ್ಟಿಗೆ ಮಡಚಿ, ಪಾದ ಹೊರಗೆ ತಿರುಗಿಸಿ ಒದೆಯಬೇಕು. ಒಂದು ಪಾದ ಹೊರಗೆ ತಿರುಗಿ ಇನ್ನೊಂದು ಕೆಳಗೆ ಇಳಿದರೆ ಅದು ಕತ್ತರಿ ಕಾಲು. ನಮ್ಮಲ್ಲಿ ಬಾವಿಯಲ್ಲೋ ಭದ್ರಾ ನಾಲೆಯಲ್ಲೋ ಈಜು ಕಲಿತ ಅಪ್ಪಂದಿರು ಹಲವರಿದ್ದಾರೆ. ಅಲ್ಲಿ ಪಕ್ಕಕ್ಕೆ ವಾಲಿ ಕತ್ತರಿ ಕಾಲು ಹೊಡೆದರೂ ದಡ ಸೇರಬಹುದು. ಮೀಟ್‌ನಲ್ಲಿ ಮಾತ್ರ ಜಡ್ಜ್ ಕೈ ಎತ್ತುತ್ತಾರೆ.

ಇದನ್ನು ಮನೆಯಲ್ಲೇ ನೋಡಬಹುದು. ಮಂಚದ ಮೇಲೆ ಬೋರಲು ಮಲಗಿಸಿ, ಮೊಣಕಾಲಿನಿಂದ ಕೆಳಗೆ ಮಂಚದ ಹೊರಗಿರಲಿ. ನಿಧಾನಕ್ಕೆ ಹಿಮ್ಮಡಿಯನ್ನು ಹಿಂಬದಿಗೆ ಎಳೆದುಕೊಳ್ಳಲು ಹೇಳಿ. ಈಗ ಎರಡೂ ಹೆಬ್ಬೆರಳು ಹೊರಗಡೆ ನೋಡುತ್ತಿವೆಯಾ? ನನ್ನ ಮಗಳ ಎಡ ಹೆಬ್ಬೆರಳು ಪ್ರತಿ ಸಲ ನೆಲವನ್ನೇ ನೋಡುತ್ತಿತ್ತು. ರಾತ್ರಿ ಊಟಕ್ಕೆ ಮುಂಚೆ ಆ ಪಾದ ಹಿಡಿದು ತಿರುಗಿಸಿ, ದಿನಕ್ಕೆ ಇಪ್ಪತ್ತು ಸಲ ಮಾಡಿಸಿದೆವು. ಮೂರು ವಾರಕ್ಕೆ ಸರಿಹೋಯಿತು.

ಬಟರ್‌ಫ್ಲೈನಲ್ಲೂ ಎರಡು ಕೈಯಲ್ಲೇ ಮುಟ್ಟಬೇಕು. ಎರಡೂ ತೋಳು ಒಟ್ಟಿಗೆ ನೀರಿನ ಮೇಲಿಂದ ಮುಂದಕ್ಕೆ ಬರಬೇಕು, ಕಾಲೂ ಒಟ್ಟಿಗೇ ಆಡಬೇಕು. ಕೊನೆಯ ಹತ್ತು ಮೀಟರ್‌ನಲ್ಲಿ ದಣಿದ ಮಗು ಒಂದೊಂದೇ ಕಾಲು ಬಡಿಯಲು ಶುರು ಮಾಡುತ್ತದೆ, ಅಥವಾ ತೋಳು ನೀರಿನಿಂದ ಮೇಲೇಳುವುದಿಲ್ಲ. ಮಗುವಿಗೆ ಇನ್ನೂ ಅಷ್ಟು ದಮ್ಮು ಬಂದಿಲ್ಲ ಅನ್ನಿಸಿದರೆ ಈ ಸಲ ಬಟರ್‌ಫ್ಲೈ ಬಿಡಿಸಿ ಅಂತಲೇ ನನ್ನ ಅಭಿಪ್ರಾಯ. ನಾಲ್ಕೂ ಸೇರಿದ ಮೆಡ್ಲೆಗೆ ನಮ್ಮ ಹೊಸ ಮಕ್ಕಳು ಯಾರೂ ಹೆಸರು ಕೊಟ್ಟಿಲ್ಲ.

ರೇಸ್ ಮುಗಿದ ಕೂಡಲೇ ಪಕ್ಕದ ಲೇನ್‌ಗೆ ನುಗ್ಗಬಾರದು. ಉಳಿದವರು ಇನ್ನೂ ಈಜುತ್ತಿರುತ್ತಾರೆ, ಅವರಿಗೆ ಅಡ್ಡ ಬಂದರೂ ಡಿಕ್ಯೂ ಆಗಬಹುದು. ಹೇಳುವವರೆಗೆ ತನ್ನ ಲೇನ್‌ನಲ್ಲೇ ಇರಲಿ. ಕನ್ನಡಕ ಜಾರಿದರೆ ಡಿಕ್ಯೂ ಇಲ್ಲ. ಈಜುತ್ತಲೇ ಇರು ಅಂತ ಮೊದಲೇ ಹೇಳಿಡಿ.

ಡಿಕ್ಯೂ ಆದರೆ ನೀವು ಜಡ್ಜ್ ಹತ್ತಿರ ಹೋಗಬೇಡಿ. ಕಾರಣ ಕೇಳುವುದು ಕೋಚ್ ಕೆಲಸ, ಅವರು ಕೇಳಿ ಬಂದು ನಿಮಗೆ ಹೇಳುತ್ತಾರೆ. ಅಷ್ಟರೊಳಗೆ ಮಗುವಿನ ತಲೆ ಒರೆಸಿ, ಕುಡಿಯಲು ನೀರು ಕೊಡಿ. ‘ಅಷ್ಟು ಸಲ ಹೇಳಿದ್ದೆ ಅಲ್ವಾ’ ಅನ್ನುವ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ನಾನು ಅವತ್ತು ಏನೂ ತೋಚದೆ ಅಂಥದ್ದೇ ಒಂದು ಮಾತು ಅಂದೆ, ಅವಳು ಎರಡು ದಿನ ಪೂಲ್ ಕಡೆ ಮುಖ ಹಾಕಲಿಲ್ಲ.

ಭಾನುವಾರ ಬೆಳಿಗ್ಗೆ 6:30ಕ್ಕೆ ಗೇಟ್ ಹತ್ತಿರ ಸೇರೋಣ. ಎರಡು ಟವೆಲ್, ಇನ್ನೊಂದು ಕನ್ನಡಕ, ಬಾಳೆಹಣ್ಣು ತನ್ನಿ. ಬೆಣ್ಣೆದೋಸೆ ರೇಸ್ ಮುಗಿದ ಮೇಲೆ.