ಪ್ರಬಂಧಗಳಿಗೆ ಆಹ್ವಾನ: ಹೊಲದ ಮಣ್ಣು, ಲ್ಯಾಬಿನ ಅಳತೆ (ಪರಿಷ್ಕೃತ ಪ್ರಕಟಣೆ)

ಡಿಸೆಂಬರ್ 5 ವಿಶ್ವ ಮಣ್ಣು ದಿನ. ಅದೇ ದಿನ ಶುರುವಾಗಿ, 2026ರ ಡಿಸೆಂಬರ್ 5 ಮತ್ತು 6ರಂದು ನಮ್ಮ ಮಣ್ಣು ವಿಜ್ಞಾನ ವಿಭಾಗ ವಿಚಾರ ಸಂಕಿರಣ ನಡೆಸುತ್ತಿದೆ. ಮೊದಲ ಪ್ರಕಟಣೆ ಓದಿದ ಹಲವರು ಪ್ರಶ್ನೆ ಕಳಿಸಿದ್ದರು. ಅವಕ್ಕೆಲ್ಲ ಉತ್ತರ ಸೇರಿಸಿ ಮತ್ತೆ ಬರೆದಿದ್ದೇವೆ. ಇನ್ನು ಮುಂದೆ ಇದನ್ನೇ ಅನುಸರಿಸಿ.

ಯಾವ ವಿಷಯದ ಮೇಲೆ ಬರೆಯಬಹುದು?

ಮಣ್ಣಿನ ಇಂಗಾಲ ನಮ್ಮ ಮುಖ್ಯ ವಿಷಯ. ಒಂದೇ ಮಣ್ಣನ್ನು ವಾಕ್ಲಿ-ಬ್ಲ್ಯಾಕ್ ವಿಧಾನದಲ್ಲೂ ಸುಟ್ಟು ಅಳೆಯುವ ಯಂತ್ರದಲ್ಲೂ ಪರೀಕ್ಷಿಸಿದರೆ ಅಂಕಿ ಬೇರೆ ಬರುತ್ತದೆ, ಏಕೆಂದರೆ ಮೊದಲನೆಯದರಲ್ಲಿ ಇಂಗಾಲವೆಲ್ಲ ಪೂರ್ತಿ ಉತ್ಕರ್ಷಣೆ ಆಗುವುದಿಲ್ಲ. ಎಷ್ಟು ಆಳದ ಮಣ್ಣು ತೆಗೆದಿರಿ, ಅದರ ಸಾಂದ್ರತೆ ಎಷ್ಟು ಎಂದು ಹೇಳದೆ ಹೆಕ್ಟೇರಿಗೆ ಇಷ್ಟು ಟನ್ ಎಂದರೆ ಯಾರೂ ಹೋಲಿಸಿ ನೋಡಲು ಆಗುವುದಿಲ್ಲ, ಅಲ್ವಾ? ಇಂಥ ಅಳತೆಯ ತೊಡಕುಗಳನ್ನು ನೇರವಾಗಿ ಎದುರಿಸುವ ಪ್ರಬಂಧಗಳು ನಮಗೆ ಬೇಕು.

ನೀರಾವರಿಯಿಂದ ಬರುವ ಸವಳು, ಮೇಲ್ಮಣ್ಣಿನ ಕೊಚ್ಚಣೆ, ಮಣ್ಣಿನ ಸೂಕ್ಷ್ಮಜೀವಿಗಳು, ರೈತರು ಬಣ್ಣ ಮತ್ತು ಮುಟ್ಟಿದ ಅನುಭವದಿಂದ ಮಣ್ಣು ಗುರುತಿಸುವ ಬಗೆ, ಇವೂ ಆಗಬಹುದು. ಗೊಬ್ಬರ ಹಾಕಿಯೂ ವ್ಯತ್ಯಾಸ ಕಾಣದ ಪ್ರಯೋಗ ನಿಮ್ಮ ಬಳಿ ಇದ್ದರೆ ಖಂಡಿತ ಕಳಿಸಿ. ಅಂಥ ಫಲಿತಾಂಶ ಸುಮ್ನೆ ಕಪಾಟಿನಲ್ಲಿ ಉಳಿದರೆ ಇನ್ನೊಬ್ಬರು ಅದೇ ಪ್ರಯೋಗಕ್ಕೆ ಮತ್ತೆ ವರ್ಷಗಟ್ಟಲೆ ದುಡಿಯುತ್ತಾರೆ.

ಯಾರು ಕಳಿಸಬಹುದು?

ಸಂಶೋಧಕರು, ಸ್ನಾತಕೋತ್ತರ ವಿದ್ಯಾರ್ಥಿಗಳು, ಲ್ಯಾಬ್ ಸಿಬ್ಬಂದಿ, ಕೃಷಿ ಅಧಿಕಾರಿಗಳು, ದಾಖಲೆ ಇಟ್ಟುಕೊಂಡಿರುವ ರೈತರು. ಪದವಿ ಕಡ್ಡಾಯವಲ್ಲ. ಒಬ್ಬರು ಮೊದಲ ಲೇಖಕರಾಗಿ ಒಂದೇ ಪ್ರಬಂಧ ಕಳಿಸಬಹುದು. ಬೇರೆಡೆ ಪ್ರಕಟವಾಗಿರಬಾರದು.

ಗಡುವುಗಳು (2026)

- ಸಾರಾಂಶ, 300 ಪದದೊಳಗೆ: ಆಗಸ್ಟ್ 10
- ಸಾರಾಂಶದ ಬಗ್ಗೆ ನಮ್ಮ ಉತ್ತರ: ಆಗಸ್ಟ್ 31
- ಪೂರ್ತಿ ಪ್ರಬಂಧ, 4,000 ಪದದೊಳಗೆ: ಅಕ್ಟೋಬರ್ 5
- ವಿಮರ್ಶಕರ ಅಭಿಪ್ರಾಯ ನಿಮ್ಮ ಕೈಗೆ: ನವೆಂಬರ್ 2
- ತಿದ್ದಿದ ಪ್ರತಿ: ನವೆಂಬರ್ 20

ನೀವಿರುವ ಊರಿನ ಗಡಿಯಾರದಲ್ಲಿ ಆ ದಿನ ಮುಗಿಯುವ ತನಕ ಸಮಯವಿದೆ. ಬೆಳೆ ಕೊಯ್ಲಿನ ಕಾರಣಕ್ಕೆ ಪೂರ್ತಿ ಪ್ರಬಂಧ ತಡವಾಗುವುದಾದರೆ ಸೆಪ್ಟೆಂಬರ್ 25ರೊಳಗೆ ತಿಳಿಸಿ, ಒಂದು ವಾರ ಜಾಸ್ತಿ ಕೊಡುತ್ತೇವೆ.

ವಿಮರ್ಶೆ ಹೇಗೆ ನಡೆಯುತ್ತದೆ?

ಸಾರಾಂಶವನ್ನು ಸಂಘಟನಾ ಸಮಿತಿ ಓದುತ್ತದೆ. ವಿಷಯಕ್ಕೆ ಹೊಂದುತ್ತದೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಪೂರ್ತಿ ಪ್ರಬಂಧವನ್ನು ಇಬ್ಬರು ವಿಮರ್ಶಕರು ಬೇರೆ ಬೇರೆಯಾಗಿ ಓದುತ್ತಾರೆ. ಅವರಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ, ನಿಮಗೆ ಅವರ ಹೆಸರು ಗೊತ್ತಾಗುವುದಿಲ್ಲ. ಆದ್ದರಿಂದ ಹೆಸರು, ಸಂಸ್ಥೆ, ಕೃತಜ್ಞತೆ ಇವನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಇಬ್ಬರ ಅಭಿಪ್ರಾಯ ತೀರಾ ಬೇರೆಯಾದರೆ ಮೂರನೆಯವರು ಓದುತ್ತಾರೆ.

ಅವರು ಮೊದಲು ನೋಡುವುದು ವಿಧಾನವನ್ನು: ಮಾದರಿ ಎಲ್ಲಿಂದ, ಹೇಗೆ ತೆಗೆದಿರಿ, ಬೇರೊಬ್ಬರು ಅದನ್ನೇ ಮಾಡಿ ನೋಡಬಹುದೇ? ಭಾಷೆಯ ತಪ್ಪಿಗಾಗಿ ಯಾವ ಪ್ರಬಂಧವನ್ನೂ ಕೈಬಿಡುವುದಿಲ್ಲ, ಅದನ್ನು ತಿದ್ದಲು ನಾವು ಜೊತೆಗಿರುತ್ತೇವೆ. ಆಯ್ಕೆಯಾಗದಿದ್ದರೂ ಕಾರಣ ಬರೆದು ಕಳಿಸುತ್ತೇವೆ.

ಈ ಆಹ್ವಾನ ಬಂದ ಇಮೇಲ್‌ಗೇ ಉತ್ತರವಾಗಿ ಸಾರಾಂಶ ಕಳಿಸಿ. ಕನ್ನಡ ಅಥವಾ ಇಂಗ್ಲಿಷ್, ಯಾವುದಾದರೂ ಸರಿ. ಶುಲ್ಕ ಇಲ್ಲ.