ನಮ್ಮ ಡೇರಿಗೆ ದುಡ್ಡು ಎಲ್ಲಿ ಬರುತ್ತದೆ, ಎಲ್ಲಿ ಸೋರುತ್ತದೆ: ಸೆಪ್ಟೆಂಬರ್ 2024ರ ಲೆಕ್ಕ

ಆಡಳಿತ ಮಂಡಳಿಯ ಸಭೆಗೆ, ಬೇಲೂರು ತಾಲ್ಲೂಕಿನ ನಮ್ಮೂರ ಹಾಲು ಉತ್ಪಾದಕರ ಸಂಘ

ಅಧ್ಯಕ್ಷರೇ, ನಿರ್ದೇಶಕರೇ,

ಕಳೆದ ಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತ್ತು. ಹಾಲು ಜಾಸ್ತಿ ಆಗಿದೆ, ಲಾಭ ಮಾತ್ರ ಯಾಕೆ ಜಾಸ್ತಿ ಆಗಿಲ್ಲ? ಮೌಲ್ಯ ಸರಪಳಿ ಲೆಕ್ಕ ಹಾಕಿ ತನ್ನಿ ಎಂದು ನನಗೆ ವಹಿಸಿದಿರಿ. ಹೆಸರು ದೊಡ್ಡದು, ಕೆಲಸ ಸರಳ. ಸದಸ್ಯರ ಬಕೆಟ್ಟಿನಿಂದ ಒಕ್ಕೂಟದ ಬಿಲ್ಲಿನವರೆಗೆ ಒಂದೊಂದು ಮೆಟ್ಟಿಲಲ್ಲೂ ನಿಂತು ನೋಡಿದೆ. ಸರ್ಕಾರದ ಪ್ರೋತ್ಸಾಹಧನ ನೇರವಾಗಿ ಸದಸ್ಯರ ಖಾತೆಗೆ ಹೋಗುವುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ಆ ತಿಂಗಳು ನಾವು ಕೊಂಡ ಹಾಲು 37,500 ಲೀಟರ್. ಸರಾಸರಿ ₹32ರಂತೆ ಕೊಟ್ಟಿದ್ದು ₹12,00,000. ಊರಲ್ಲೇ 1,500 ಲೀಟರ್ ಮಾರಿದೆವು, ₹44ರಂತೆ ₹66,000 ಬಂತು. ಉಳಿದದ್ದಕ್ಕೆ ಒಕ್ಕೂಟದಿಂದ ಬಂದದ್ದು ₹11,74,342. ಹಾಲಿನಲ್ಲಿ ಉಳಿದದ್ದು ₹40,342.

ಇಷ್ಟನ್ನು ನಮ್ಮ ಪುಸ್ತಕವೇ ಹೇಳುತ್ತದೆ. ಆ ₹40,342 ಎಲ್ಲಿಂದ ಬಂತು ಅನ್ನುವುದು ಪುಸ್ತಕದಲ್ಲಿ ಕಾಣುವುದಿಲ್ಲ. ಬಿಡಿಸಿ ನೋಡಿದರೆ ಹೀಗಿದೆ: ಊರಿನ ಮಾರಾಟದಿಂದ ₹18,000, ಪರೀಕ್ಷೆಗೆಂದು ತೆಗೆದ ಸ್ಯಾಂಪಲ್ ಹಾಲಿನಿಂದ ₹14,940, ಒಕ್ಕೂಟಕ್ಕೆ ಕಳಿಸಿದ 36,000 ಲೀಟರಿನಿಂದ ಬರೀ ₹7,402. ನೂರಕ್ಕೆ ನಾಲ್ಕು ಭಾಗ ಹಾಲು ಲಾಭದ ಅರ್ಧದ ಹತ್ತಿರ ತರುತ್ತಿದೆ. ನೂರಕ್ಕೆ ತೊಂಬತ್ತಾರು ಭಾಗ ಹಾಲು ಲೀಟರಿಗೆ ಇಪ್ಪತ್ತೊಂದು ಪೈಸೆಯನ್ನೂ ಉಳಿಸುತ್ತಿಲ್ಲ.

ಒಕ್ಕೂಟದ ದರಪಟ್ಟಿಯ ಪ್ರಕಾರ, ನಮ್ಮ ಮಿಷಿನ್ ಹೇಳಿದ ಫ್ಯಾಟೂ, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶವೂ ಅಲ್ಲೂ ಅಷ್ಟೇ ಬಂದಿದ್ದರೆ ಲೀಟರಿಗೆ ₹33.20 ಸಿಗಬೇಕಿತ್ತು. ಅಂದರೆ ₹1.20 ಉಳಿಯಬೇಕು, ತಿಂಗಳಿಗೆ ₹43,200. ಅದರಲ್ಲಿ ₹35,798 ದಾರಿಯಲ್ಲೇ ಹೋಗಿದೆ. ಮೂರು ತೂತು ಸಿಕ್ಕವು.

ಮೊದಲನೆಯದು ಅಳತೆ. ನಮ್ಮ ಲೆಕ್ಕದಲ್ಲಿ ಕಳಿಸಿದ್ದು ಸ್ಯಾಂಪಲ್ ಹಾಲೂ ಸೇರಿ 36,450 ಲೀಟರ್. ಒಕ್ಕೂಟದ ರಸೀದಿಯಲ್ಲಿ 36,090. ಕೊರತೆ 360 ಲೀಟರ್, ₹11,952. ಇದಕ್ಕೆ ನಾವೆಲ್ಲ ಇಷ್ಟು ದಿನ ಗಾಡಿಯವರನ್ನು ಬೈಯುತ್ತಿದ್ದೆವು, ನಾನೂ ಬೈದಿದ್ದೇನೆ. ಅವರದ್ದು ತಪ್ಪಿಲ್ಲ. ನಮ್ಮ ತೂಕದ ಯಂತ್ರ ಕೆಜಿಯನ್ನು 1.02ರಿಂದ ಭಾಗಿಸಿ ಲೀಟರ್ ತೋರಿಸುತ್ತಿದೆ. ಒಕ್ಕೂಟದವರು 1.03ರಿಂದ ಭಾಗಿಸುತ್ತಾರೆ. ಒಂದು ಲೀಟರ್ ಹಾಲು ಹತ್ತಿರ ಹತ್ತಿರ 1.03 ಕೆಜಿ ತೂಗುತ್ತದೆ, ಹಾಗಾಗಿ ಅವರದ್ದೇ ಸರಿ. 36,000 ಲೀಟರಿಗೆ ಈ ಒಂದೇ ವ್ಯತ್ಯಾಸ 350 ಲೀಟರಿನಷ್ಟಾಗುತ್ತದೆ. ಕೊರತೆಯ ಬಹುಪಾಲು ಅಲ್ಲೇ ಮುಗಿಯಿತು. ಯಂತ್ರ ರಿಪೇರಿಗೆ ಹೋಗಿ ಬಂದಾಗ ಯಾರೂ ಆ ಸೆಟ್ಟಿಂಗ್ ನೋಡಿರಲಿಲ್ಲ.

ಎರಡನೆಯದು ಎಲ್ಲಕ್ಕಿಂತ ದೊಡ್ಡದು, ಫ್ಯಾಟಿನ ವ್ಯತ್ಯಾಸ. ನಮ್ಮಲ್ಲಿ ಸರಾಸರಿ 4.1, ಅಲ್ಲಿ 4.0. ಎಸ್‌ಎನ್‌ಎಫ್ ನಮ್ಮಲ್ಲಿ 8.5, ಅಲ್ಲಿ 8.4. ಒಂದು ಪಾಯಿಂಟು ತಾನೇ ಅನ್ನಿಸುತ್ತದೆ. ಆದರೆ ಸಿಕ್ಕಿದ ದರ ₹32.65ಕ್ಕೆ ಇಳಿಯಿತು. ಲೀಟರಿಗೆ 55 ಪೈಸೆ, ಒಟ್ಟು ₹19,718.

ಹತ್ತು ದಿನ ಕಿಟಕಿಯ ಪಕ್ಕದಲ್ಲೇ ಕೂತು ನೋಡಿದೆ. ಬೆಳಿಗ್ಗೆ ವ್ಯತ್ಯಾಸ ಕಡಿಮೆ, ಸಂಜೆ ಜಾಸ್ತಿ. ಸಂಜೆ ಹಾಲು ಬೇಗ ಕರೆದು, ಬಕೆಟ್ಟಿನಲ್ಲಿ ಇಟ್ಟು, ಜನ ನಿಧಾನಕ್ಕೆ ತರುತ್ತಾರೆ. ಅಷ್ಟರಲ್ಲಿ ಕೊಬ್ಬು ಮೇಲೆ ಬಂದಿರುತ್ತದೆ. ನಮ್ಮ ಟೆಸ್ಟರ್ ಕಲಕದೆ ಮೇಲಿನಿಂದಲೇ ಸ್ಯಾಂಪಲ್ ತೆಗೆಯುತ್ತಾರೆ, ಫ್ಯಾಟು ಜಾಸ್ತಿ ಬರದೆ ಏನಾಗುತ್ತದೆ? ಒಕ್ಕೂಟದಲ್ಲಿ ಕ್ಯಾನಿನ ಹಾಲನ್ನು ಪ್ಲಂಜರ್ ಹಾಕಿ ಕಲಕಿ ಸ್ಯಾಂಪಲ್ ತೆಗೆಯುತ್ತಾರೆ. ಅಲ್ಲಿ ನಿಜ ಹೊರಬೀಳುತ್ತದೆ. ಟೆಸ್ಟರನ್ನು ದೂರುತ್ತಿಲ್ಲ. ಒಂದೂವರೆ ಗಂಟೆಯಲ್ಲಿ ನೂರೈವತ್ತು ಜನ, ಹೊರಗೆ ಮಳೆ, ಬೇಗ ಹಾಕಿಸಿಕೊಳ್ಳಿ ಎಂಬ ಗಲಾಟೆ. ಇನ್ನೊಂದು ಕಡೆ ಮಿಷಿನ್ನೂ ಉದಾರಿಯೇ. ಇಪ್ಪತ್ತು ಸದಸ್ಯರ ಹಾಲನ್ನು ಚೆನ್ನಾಗಿ ಕಲಕಿ, ನಮ್ಮ ಮಿಷಿನ್ನಿನಲ್ಲೂ, ಆಸಿಡ್ ಹಾಕಿ ಫ್ಯಾಟು ಅಳೆಯುವ ಗರ್ಬರ್ ವಿಧಾನದಲ್ಲೂ ನೋಡಿಸಿದೆ. ಮಿಷಿನ್ 0.04 ಹೆಚ್ಚು ತೋರಿಸಿತು.

ಮೂರನೆಯದು ಹುಳಿ ಹಾಲು. ಆರು ಕ್ಯಾನ್, 240 ಲೀಟರ್, ₹16ರ ದರ ಸಿಕ್ಕಿತು. ನಷ್ಟ ₹4,128. ಆರರಲ್ಲಿ ನಾಲ್ಕು ಕ್ಯಾನ್ ಗಣೇಶನ ಹಬ್ಬದ ವಾರದ್ದು, ಗಾಡಿ ತಡವಾದ ಸಂಜೆಗಳದ್ದು. ಕೂಲರ್ ಇರುವುದು ಪಕ್ಕದ ಊರಿನಲ್ಲಿ. ಸಭೆಯಲ್ಲಿ ಹೆಚ್ಚು ಚರ್ಚೆ ಆಗುವುದು ಇದರ ಬಗ್ಗೆಯೇ, ಆದರೆ ಮೂರರಲ್ಲಿ ಚಿಕ್ಕದು ಇದೇ. ನಮಗೇ ಒಂದು ಕೂಲರ್ ಬೇಕು ಎಂಬ ಮಾತನ್ನು ಸದ್ಯಕ್ಕೆ ಬದಿಗಿಡಬಹುದು.

ಈಗ ಸ್ಯಾಂಪಲ್ ಹಾಲು. ಇದನ್ನು ಹೇಳಲು ಸ್ವಲ್ಪ ಸಂಕೋಚ. ದಿನಕ್ಕೆ ಎರಡು ಹೊತ್ತು, 150 ಜನ, ತಲಾ 50 ಮಿಲಿ. ತಿಂಗಳಿಗೆ 450 ಲೀಟರ್. ಇದಕ್ಕೆ ಸದಸ್ಯರಿಗೆ ದುಡ್ಡು ಕೊಡುವುದಿಲ್ಲ, ಕ್ಯಾನಿಗೆ ಸುರಿದು ಒಕ್ಕೂಟಕ್ಕೆ ಮಾರುತ್ತೇವೆ. ಇದು ನಾವು ಗಳಿಸಿದ್ದಲ್ಲ, ಸದಸ್ಯರ ಜೇಬಿನಿಂದ ಬಂದದ್ದು. ತಮಾಷೆ ನೋಡಿ: ತೂಕದ ಯಂತ್ರದಲ್ಲಿ ಅವರಿಗೆ ಗೊತ್ತಿಲ್ಲದೆ 350 ಲೀಟರಿನಷ್ಟು ಜಾಸ್ತಿ ಕೊಡುತ್ತಿದ್ದೇವೆ, ಸ್ಯಾಂಪಲ್ಲಿನಲ್ಲಿ 450 ತೆಗೆದುಕೊಳ್ಳುತ್ತಿದ್ದೇವೆ. ಒಂದು ಇನ್ನೊಂದನ್ನು ಮುಚ್ಚಿಟ್ಟಿತು. ಅದಕ್ಕೇ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಆದರೆ ಎಲ್ಲರಿಗೂ ಸಮ ಆಗಿಲ್ಲ. ಎರಡು ಲೀಟರ್ ಹಾಕುವ ಅಜ್ಜಿಯೂ 50 ಮಿಲಿ ಕೊಡುತ್ತಾರೆ, ಇಪ್ಪತ್ತು ಲೀಟರ್ ಹಾಕುವವರೂ ಅಷ್ಟೇ. ತೂಕದ ಲಾಭ ಮಾತ್ರ ಜಾಸ್ತಿ ಹಾಕುವವರಿಗೆ ಜಾಸ್ತಿ.

ಪಶು ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 120 ಮೂಟೆ ಮಾರಿ, ಹಮಾಲಿ ಕಳೆದು ಉಳಿದದ್ದು ₹3,000. ಆದರೆ ಹಸು ಬತ್ತಿದ ಹನ್ನೊಂದು ಮನೆಗಳಲ್ಲಿ ₹62,000 ಬಾಕಿ ನಿಂತಿದೆ. ಹಾಲು ಹಾಕದಿದ್ದರೆ ಬಟವಾಡೆಯಲ್ಲಿ ಹಿಡಿಯುವುದು ಹೇಗೆ? ಸಂಬಳ, ಕರೆಂಟು, ಕೆಮಿಕಲ್ಲು ಎಲ್ಲ ಸೇರಿ ಖರ್ಚು ₹38,500. ತಿಂಗಳ ಕೊನೆಗೆ ಉಳಿದದ್ದು ₹4,842.

ನನ್ನ ಸಲಹೆ ಇಷ್ಟು. ತೂಕದ ಸೆಟ್ಟಿಂಗನ್ನು 1.03ಕ್ಕೆ ತಿದ್ದುವುದು ಮತ್ತು ಸ್ಯಾಂಪಲ್ಲನ್ನು 20 ಮಿಲಿಗೆ ಇಳಿಸುವುದು ಒಂದೇ ದಿನ ಆಗಬೇಕು. ಮೊದಲನೆಯದನ್ನು ಮಾತ್ರ ಮಾಡಿದರೆ ಹಾಲು ಕಡಿಮೆ ತೋರಿಸುತ್ತಿದ್ದಾರೆ ಎಂದು ಊರೆಲ್ಲ ಗಲಾಟೆ ಆಗುತ್ತದೆ, ಅದು ನ್ಯಾಯವೂ ಹೌದು. ಎರಡರ ಲೆಕ್ಕವನ್ನೂ ನೋಟಿಸ್ ಬೋರ್ಡಿಗೆ ಹಾಕೋಣ. ಕಿಟಕಿಯ ಹತ್ತಿರ ಕಲಕುವುದಕ್ಕೆಂದೇ ಸಂಜೆ ಒಬ್ಬ ಹುಡುಗನನ್ನು ಇಡೋಣ. ತಿಂಗಳಿಗೆ ₹3,000 ಕೊಟ್ಟರೂ, ಫ್ಯಾಟಿನ ನಷ್ಟದಲ್ಲಿ ಕಾಲು ಭಾಗ ನಿಂತರೆ ಸಾಕು, ಅವನ ಸಂಬಳ ಹೊರಟು ಇನ್ನೂ ಉಳಿಯುತ್ತದೆ. ಮಿಷಿನ್ನನ್ನು ಪ್ರತಿ ತಿಂಗಳು ಗರ್ಬರ್ ಜೊತೆ ಹೋಲಿಸಿ ಸರಿಮಾಡಿಸಬೇಕು.

ಊರಿನ ಮಾರಾಟ ಈಗ ದಿನಕ್ಕೆ 50 ಲೀಟರ್. ಹೋಟೆಲಿನವರೂ ಹಾಸ್ಟೆಲಿನವರೂ ಬೆಳಿಗ್ಗೆ ಆರಕ್ಕೆ ಹಾಲು ಕೇಳುತ್ತಾರೆ, ನಾವು ಕಿಟಕಿ ತೆರೆಯುವುದು ಆರೂವರೆಗೆ. ಅರ್ಧ ಗಂಟೆ ಮುಂಚೆ ತೆರೆದು ದಿನಕ್ಕೆ ಇನ್ನೂ 20 ಲೀಟರ್ ಮಾರಿದರೆ ತಿಂಗಳಿಗೆ ₹7,200 ಬರುತ್ತದೆ. 36,000 ಲೀಟರ್ ಕಳಿಸಿ ನಾವು ಉಳಿಸಿದ್ದು ಹೆಚ್ಚುಕಡಿಮೆ ಅಷ್ಟೇ.