ಹೊಸಾ ಟೆಸ್ಟರ್‌ಗೆ ಮೊದಲನೇ ತಿಂಗಳ ಪ್ಲ್ಯಾನ್: ದಲಾಲಿ ಅಂಗಡಿ ಸಾಫ್ಟ್‌ವೇರ್ ಟೀಮ್, ಹುಬ್ಬಳ್ಳಿ

ನಮಸ್ಕಾರ ರೀ. ನವೆಂಬರ್ 3, ಸೋಮವಾರ ನೀವು ಜಾಯಿನ್ ಆಗಾಕತ್ತೀರಿ, ಅವತ್ತಿಂದ 28ನೇ ತಾರೀಖು ಶುಕ್ರವಾರದ ತನಕ ಏನೇನು ಮಾಡೋದೈತಿ ಅಂತ ಇದರಾಗ ಬರದೀನಿ. ಎಚ್‌ಆರ್ ಫಾರ್ಮು, ಪಿಎಫ್, ಐಡಿ ಕಾರ್ಡು ಎಲ್ಲಾ ಬ್ಯಾರೆ, ಅದನ್ನ ಅವರ ಹತ್ರ ಮುಗಿಸ್ಕೊಳ್ರಿ, ನಾ ಅದರ ಸುದ್ದಿಗೆ ಹೋಗಂಗಿಲ್ಲ.

ಮೊದಲ ಒಂದು ಮಾತು. ಈ ತಿಂಗಳು ನೀವು ಎಷ್ಟು ಬಗ್ ಹಾಕಿದ್ರಿ ಅಂತ ಯಾರೂ ಎಣಸಂಗಿಲ್ಲ. ಈ ಪ್ರಾಡಕ್ಟು 2017ರಾಗ ಜಿಎಸ್‌ಟಿ ಬಂದಾಗ ಸುರುವಾಗಿದ್ದು, ಇದರಾಗ ವಿಚಿತ್ರ ಕಾಣೋ ಅರ್ಧಕ್ಕರ್ಧ ಯಾವುದೋ ಅಂಗಡಿಯವರು ಕೇಳಿ ಮಾಡಿಸಿಕೊಂಡಿದ್ದು, ಉಳಿದರ್ಧ ಖರೇನ ತಪ್ಪು, ಯಾವುದು ಯಾವುದು ಅಂತ ಗೊತ್ತಾಗಬೇಕಂದ್ರ ಮಾರ್ಕೆಟ್ ಗೊತ್ತಿರಬೇಕು. ಅದಕ್ಕ ಈ ತಿಂಗಳ ಕೆಲಸ ಅಂದ್ರ ಸರಿ ಅನ್ನೋದು ಹೆಂಗಿರತೈತಿ ಅಂತ ಕಲಿಯೋದು. ಡಿಸೆಂಬರ್ ಬಂತಂದ್ರ ಮೆಣಸಿನಕಾಯಿ ಆವಕ ಏರತೈತಿ, ಆಮ್ಯಾಲ ಕೂತು ಹೇಳಿಕೊಡಾಕ ಯಾರಿಗೂ ಪುರಸೊತ್ತು ಇರಂಗಿಲ್ಲ.

ಮೊದಲನೇ ವಾರ, ನವೆಂಬರ್ 3ರಿಂದ 7

ಸೋಮವಾರ ಲ್ಯಾಪ್‌ಟಾಪು, ಜಿರಾ, ಗಿಟ್, ಸ್ಟೇಜಿಂಗ್ ಸರ್ವರ್ ಲಾಗಿನ್. ಲೈವ್ ಡೇಟಾಬೇಸಿನ ಪಾಸ್‌ವರ್ಡು ಈ ತಿಂಗಳು ಕೊಡಂಗಿಲ್ಲ, ಬೇಜಾರ ಮಾಡ್ಕೋಬ್ಯಾಡ್ರಿ, ನನಗೂ ಓದಾಕಷ್ಟ ಐತಿ. ಸೋಮವಾರ ಬ್ಯಾಡಗಿ ಮಾರ್ಕೆಟ್ ದಿನ, ಸಪೋರ್ಟ್ ಟೇಬಲ್ ಮ್ಯಾಲಿನ ಫೋನು ಬಡಕೋತನ ಇರತೈತಿ, ಅವತ್ತು ಯಾರರ ನಿಮ್ಮನ್ನ ಸರಿಯಾಗಿ ಮಾತಾಡಿಸಲಿಲ್ಲಂದ್ರ ಅದಕ್ಕ ಅಂತ ತಿಳ್ಕೊಳ್ರಿ. ಮಂಗಳವಾರದಿಂದ ಎಲ್ಲಾರೂ ಮನುಷ್ಯಾರಾಗತಾರ.

ಮಂಗಳವಾರ, ಬುಧವಾರ ಎರಡೂ ದಿನ ಬರೇ ಪಟ್ಟಿ. ರೈತ ಚೀಲ ತರತಾನ, ಅಂಗಡಿಯೊಳಗ ಲಾಟ್ ಹಚ್ಚತಾರ, ಟೆಂಡರ್ ಆಗತೈತಿ, ತೂಕ ಆಗತೈತಿ, ಆಮ್ಯಾಲ ರೈತಗ ಪಟ್ಟಿ, ಖರೀದಿದಾರಗ ಬಿಲ್ಲು. ನಮ್ಮ ಸಾಫ್ಟ್‌ವೇರಿನ ಜೀವ ಇರೋದು ಈ ಎರಡು ಕಾಗದದಾಗ, ಉಳಿದ ರಿಪೋರ್ಟು, ಡ್ಯಾಶ್‌ಬೋರ್ಡು ಎಲ್ಲಾ ಆಮ್ಯಾಲಿನ ಮಾತು. ಮೊದಲ ಕಂಪ್ಯೂಟರ್ ಮುಟ್ಟಬ್ಯಾಡ್ರಿ, ಹಾಳಿ ಮ್ಯಾಲ ಕೈಯಿಂದ ಲೆಕ್ಕ ಹಾಕ್ರಿ. ಇದನ್ನ ತಗೊಳ್ರಿ: 12 ಚೀಲ ಕಡ್ಡಿ ಮೆಣಸಿನಕಾಯಿ, ಒಟ್ಟು ತೂಕ 499 ಕಿಲೋ, ಚೀಲದ ತೂಕ ಒಂದಕ್ಕ 1 ಕಿಲೋದಂಗ ಕಳದ್ರ 487 ಕಿಲೋ, ರೇಟು ಕ್ವಿಂಟಲ್‌ಗೆ ₹18,550. ಮಾಲಿನ ಬೆಲೆ ₹90,338.50. ಹಮಾಲಿ ಚೀಲಕ್ಕ ₹20ರಂಗ ₹240 ತೆಗದ್ರ ₹90,098.50. ಈಗ ಇದನ್ನ ರೂಪಾಯಿಗೆ ರೌಂಡ್ ಮಾಡ್ರಿ.

ಇಲ್ಲಿ ಸ್ವಲ್ಪ ನಿಲ್ರಿ, ಯಾಕಂದ್ರ ನಮ್ಮ ಪ್ರಾಡಕ್ಟಿನ ಅತೀ ಹೆಸರಾದ ಬಗ್ಗು ಇಲ್ಲೇ ಇತ್ತು. ಮೊಬೈಲ್ ಆ್ಯಪಿನಾಗ `Math.round` ಇತ್ತು, ಅದು 90,099 ತೋರಸತಿತ್ತು. ಸರ್ವರ್ ಪೈಥಾನ್‌ನಾಗ ಐತಿ, ಅಲ್ಲಿ `round()` ಅರ್ಧಕ್ಕ ಬಂದಾಗ ಹತ್ತರದ ಸಮಸಂಖ್ಯೆಗೆ ಹೋಗತೈತಿ:

```
>>> round(90098.5)
90098
>>> round(90585.5)
90586
```

ಅಂದ್ರ ಗುಮಾಸ್ತರ ಮೊಬೈಲ್‌ನಾಗ ಒಂದು, ಪ್ರಿಂಟಾಗಿ ರೈತನ ಕೈಗೆ ಬಂದಿದ್ದು ಒಂದು ರೂಪಾಯಿ ಕಮ್ಮಿ. ಅದೇ ರೇಟು ₹18,650 ಇದ್ದಿದ್ರ 90,585.50 ಆಗತಿತ್ತು, ಅವಾಗ ಎರಡೂ ಕಡೆ 90,586, ಏನೂ ಫರಕು ಇಲ್ಲ. ಒಮ್ಮೆ ಬರತೈತಿ, ಒಮ್ಮೆ ಬರಂಗಿಲ್ಲ ಅಂತ ಅಂಗಡಿಯವರು ಹೇಳಿದ್ದು ಇದಕ್ಕ. ಒಂದು ರೂಪಾಯಿದ್ದೇನು ಅನ್ನಬ್ಯಾಡ್ರಿ, ರೈತ ಪಟ್ಟಿ ಹಿಡಕೊಂಡು ಅಂಗಡಿ ಮುಂದ ನಿಂತಾಗ ಮಾತು ಒಂದು ರೂಪಾಯಿದ್ದು ಇರಂಗಿಲ್ಲ, ತೂಕದಾಗೂ ಹಿಂಗ ಹೊಡದಾರೇನೋ ಅಂತ ಸಂಶಯ ಸುರುವಾಗತೈತಿ. ಈಗ ಅದನ್ನ ಸರಿ ಮಾಡೇವಿ, ಎರಡೂ ಕಡೆ ಐವತ್ತು ಪೈಸೆಕ್ಕ ಮ್ಯಾಲಕ್ಕ ಹೋಗತೈತಿ. ಸ್ಟೇಜಿಂಗ್‌ನಾಗ ನಿಮ್ಮ ಕೈಲೆಕ್ಕ ಹಾಕಿ ನೋಡ್ರಿ, ಆ್ಯಪು, ವೆಬ್ಬು, ಪ್ರಿಂಟು ಮೂರೂ ಒಂದೇ ಬರಬೇಕು. ಹಂಗ ದಲಾಲಿ ಖರೀದಿದಾರನ ಬಿಲ್ಲಿಗೆ ಬೀಳಬೇಕು, ರೈತನ ಪಟ್ಟಿಯೊಳಗ ಎಲ್ಲೆರ ಕಂಡ್ರ ಯಾರನ್ನೂ ಕೇಳಬ್ಯಾಡ್ರಿ, ಅದು ಬಗ್ಗ.

ಗುರುವಾರ ಸಪೋರ್ಟ್ ಟೀಮಿನ ಬಾಜೂ ಕುರ್ಚಿ ಹಾಕ್ಕೊಂಡು ಕುಂದರ್ರಿ, ಫೋನ್ ಎತ್ತಬ್ಯಾಡ್ರಿ, ಕೇಳ್ರಿ ಅಷ್ಟ. ಮಧ್ಯಾಹ್ನದ ಮ್ಯಾಲ ಎಲ್ಲಾ ಅಂಗಡಿಯವರು ಒಂದೇ ಸಲ ಪಟ್ಟಿ ಪ್ರಿಂಟ್ ಕೊಡತಾರ, ಸರ್ವರ್ ಉಸಿರು ಬಿಡೋದು ಅವಾಗ. ಶುಕ್ರವಾರ ಖಾಲಿ, ಏನು ಬೇಕಾದ್ದು ಓದ್ರಿ.

ಮತ್ತ ಮೊದಲನೇ ದಿನದಿಂದನ ಒಂದು ನೋಟ್‌ಬುಕ್ ಇಡ್ರಿ. "ಇದು ಯಾಕ ಹಿಂಗೈತಿ" ಅಂತ ಅನಿಸಿದ್ದೆಲ್ಲಾ ಬರೀರಿ, ಕೇಳಾಕ ನಾಚಿಕಿ ಬಂದಿದ್ದನ್ನೂ ಬರೀರಿ. ನಮಗ ಈ ಸ್ಕ್ರೀನ್‌ಗಳು ರೂಢಿ ಆಗಿ ಕಣ್ಣು ಮುಚ್ಚಿಬಿಟ್ಟಾವು, ನಿಮ್ಮದು ಇನ್ನೊಂದು ಮೂರು ವಾರ ತೆರದಿರತೈತಿ, ಆಮ್ಯಾಲ ನೀವೂ ನಮ್ಮಂಗ. ಆದ್ರ ಬರದಿದ್ದನ್ನ ಸೀದಾ ಜಿರಾಕ್ಕ ಹಾಕಬ್ಯಾಡ್ರಿ, ಅದಕ್ಕ ಮೂರನೇ ವಾರ ಐತಿ.

ಎರಡನೇ ವಾರ, 10ರಿಂದ 14

ಗುರುವಾರ 13ಕ್ಕ ನಾನು, ನೀವು, ಸಪೋರ್ಟಿನ ಒಬ್ಬರು ಬ್ಯಾಡಗಿಗೆ ಹೋಗೋದೈತಿ. ಟ್ರೇನ್‌ನಾಗ ಹಾವೇರಿ ದಾಟಿದ ಮ್ಯಾಲ ಬರತೈತಿ. ಮಾಸ್ಕ್ ತರ್ರಿ, ಇದು ಚೇಷ್ಟೆ ಅಲ್ಲ, ಯಾರ್ಡಿನಾಗ ಕಾಲಿಟ್ಟ ಕೂಡ್ಲೆ ಕೆಮ್ಮು ಸುರು, ಕೈ ತೊಳೀದ ಕಣ್ಣು ಮುಟ್ಟಬ್ಯಾಡ್ರಿ. ಆವಕ ಇನ್ನೂ ಕಮ್ಮಿ ಇರತೈತಿ, ಅದಕ್ಕ ಗುಮಾಸ್ತರು ಮಾತಾಡಾಕ ಸಿಗತಾರ, ಜನವರಿಯೊಳಗ ಹೋದ್ರ ಮಾತು ದೂರ, ನಿಂದರಾಕ ಜಾಗಾ ಸಿಗಂಗಿಲ್ಲ.

ಅಲ್ಲಿ ಏನು ನೋಡಬೇಕಂದ್ರ, ಗುಮಾಸ್ತರ ಕೈ. ಒಂದು ಕೈಯಾಗ ಹಾಳಿ, ಒಂದು ಕೈಯಾಗ ಮೊಬೈಲು, ಮೊಬೈಲಿನ ಗ್ಲಾಸು ಒಡದಿರತೈತಿ, ಬಿಸಲಿಗೆ ಸ್ಕ್ರೀನ್ ಕಾಣಂಗಿಲ್ಲ, ನೆಟ್ ಬಂದು ಹೋಗಿ ಮಾಡತೈತಿ, ಸೇವ್ ಬಟನ್ ಎರಡೆರಡು ಸಲ ಒತ್ತತಾರ. ಆಫೀಸಿನ ಎಸಿಯೊಳಗ ದೊಡ್ಡ ಮಾನಿಟರ್ ಮುಂದ ಕುಂತು ಇದು ಒಂದೂ ಹೊಳ್ಯಂಗಿಲ್ಲ. ಯಾರದರ ಆ್ಯಪು ನಿಮ್ಮ ಮುಂದನ ಕ್ರ್ಯಾಶ್ ಆದ್ರ ಅಲ್ಲೇ ನಿಂತು ಸಮಾಧಾನ ಹೇಳಬ್ಯಾಡ್ರಿ, ಸಪೋರ್ಟಿನವರು ಹೇಳತಾರ, ನೀವು ಫೋನಿನ ಮಾಡೆಲು, ಟೈಮು, ಏನು ಒತ್ತಿದ್ರು ಅಂತ ಬರಕೊಳ್ರಿ. ರೈತರ ಹೆಸರು, ಫೋನ್ ನಂಬರ್ ಇರೋ ಪಟ್ಟಿ ಫೋಟೋ ಹೊಡದು ಗ್ರೂಪಿಗೆ ಹಾಕಬ್ಯಾಡ್ರಿ, ಹೊಡದ್ರ ಹೆಸರು ಮುಚ್ಚಿ ಹೊಡೀರಿ.

ಉಳಿದ ದಿನ ಸ್ಮೋಕ್ ಟೆಸ್ಟ್ ಕೈಯಿಂದ ಓಡಸ್ರಿ, ದಿನಾ ಮುಂಜಾನೆ ಒಮ್ಮೆ. ಬ್ಯಾಸರಾ ಬರತೈತಿ, ಬರಲಿ, ಪ್ರಾಡಕ್ಟಿನ ಹಾದಿ ಕಾಲಿಗೆ ಗೊತ್ತಾಗೋದು ಹಂಗ. ರಿಗ್ರೆಶನ್ ಶೀಟ್ ಒಂದು ಐತಿ, ಅದರಾಗ ಭಾಳಷ್ಟು ಹಳೇವು, ಸ್ಕ್ರೀನ್ ಬದಲಾದ್ರೂ ಸ್ಟೆಪ್ ಬದಲಾಗಿಲ್ಲ. ಎಲ್ಲಿ ತಪ್ಪೈತಿ ಅಲ್ಲಿ ಹಳದಿ ಬಣ್ಣ ಹಚ್ಚಕೋಂತ ಹೋಗ್ರಿ, ತಿದ್ದೋದು ಆಮ್ಯಾಲ.

ಮೂರನೇ ವಾರ, 17ರಿಂದ 21

ಈಗ ನೋಟ್‌ಬುಕ್ ತೆಗೀರಿ. ಸೋಮವಾರ ಮಾರ್ಕೆಟ್ ದಿನ, ಮಂಗಳವಾರ ಕೂತು ಒಂದೊಂದ ನೋಡೋಣು. ಕೆಲವು ಜಿರಾದಾಗ ಆಗಲೇ `Won't Fix` ಅಂತ ಮುಚ್ಚಿರೋವು ಸಿಗತಾವು, ಯಾಕ ಮುಚ್ಚೇವಿ ಅಂತ ಕಮೆಂಟ್ ಓದ್ರಿ, ಕಾರಣ ಸರಿ ಅನಸ್ಲಿಲ್ಲಂದ್ರ ವಾದ ಮಾಡ್ರಿ, ಮಾಡಲೇಬೇಕು, ಆದ್ರ ಓದದ ಮತ್ತ ಹೊಸಾದಾಗಿ ಹಾಕಿದ್ರ ಡೆವಲಪರ್‌ಗಳಿಗೆ ನಿಮ್ಮ ಮುಂದಿನ ಬಗ್ ಮ್ಯಾಲೂ ನಂಬಿಕಿ ಹೋಗತೈತಿ. ಖರೇ ಬಗ್ ಅನಿಸಿದ್ದನ್ನ ಹಿಂಗ ಬರೀರಿ:

```
ಏನಾತು: ನೆಟ್ ಹೋಗಿ ಬಂದಾಗ ಒಂದೇ ಲಾಟಿಗೆ ಎರಡು ಪಟ್ಟಿ ಬಂತು
ಹೆಂಗ ಮಾಡೋದು: ಲಾಟ್ ತೂಕ ಹಾಕಿ > ಏರೋಪ್ಲೇನ್ ಮೋಡ್ >
  ಸೇವ್ ಎರಡು ಸಲ > ಮೋಡ್ ಆಫ್ > 1 ನಿಮಿಷ ಬಿಡ್ರಿ
ಬರಬೇಕಾದ್ದು: 1 ಪಟ್ಟಿ   ಬಂದಿದ್ದು: 2 ಪಟ್ಟಿ, ನಂಬರ್ ಬ್ಯಾರೆ
ಎಷ್ಟು ಸಲ: 5ಕ್ಕ 3
ಯಾರಿಗೆ ತ್ರಾಸು: ರೈತನ ಖಾತೆಗೆ ಎರಡು ಸಲ ಜಮಾ ತೋರಸತೈತಿ
```

ಕಡೀ ಸಾಲು ಮರೀಬ್ಯಾಡ್ರಿ. ಶುಕ್ರವಾರದ ಟ್ರಯಾಜ್ ಮೀಟಿಂಗ್‌ನಾಗ ಎಲ್ಲಾರೂ ಮೊದಲ ಓದೋದು ಅದನ್ನ. ಆ್ಯಪ್ ಕ್ರ್ಯಾಶ್ ಆದ್ರ `adb logcat -d > log.txt` ಕೊಟ್ಟು ಆ ಫೈಲ್ ಜೋಡಸ್ರಿ.

ಈ ವಾರ ನಿಮಗಂತನ ಎರಡು ಏರಿಯಾ ಇಟ್ಟೀನಿ. ಒಂದು, ಖರೀದಿದಾರನ ಬಿಲ್ಲಿನ ರೌಂಡಾಫ್. ಪಟ್ಟಿದ್ದು ಸರಿ ಮಾಡಿದ್ವಿ, ಬಿಲ್ಲಿನ ಕೋಡು ಬ್ಯಾರೆ ಫೈಲಿನಾಗ ಐತಿ, ಜಿಎಸ್‌ಟಿ ಎರಡು ಭಾಗ ಆಗಿ ಬರತೈತಿ, ಭಾಗಕ್ಕೊಂದ ರೌಂಡ್ ಮಾಡೋದೋ ಕೂಡಿಸಿ ಮಾಡೋದೋ ಅನ್ನೋದರ ಮ್ಯಾಲ ಮೊತ್ತ ಬದಲಾಗತೈತಿ. ಐವತ್ತು ಪೈಸೆ ಬರೋ ರೇಟುಗಳನ್ನ ನೀವ ಹುಡಕ್ರಿ.

ಇನ್ನೊಂದು ಕನ್ನಡ. ರೈತರ ಹೆಸರು ಕನ್ನಡದಾಗ ಬರತಾವು, ಎಸ್‌ಎಂಎಸ್ ಕನ್ನಡದಾಗ ಹೋಗತೈತಿ. ಇಂಗ್ಲಿಷ್ ಮೆಸೇಜು 160 ಅಕ್ಷರದ್ದಾದ್ರ ಕನ್ನಡದ್ದು 70, ಅದನ್ನ ದಾಟಿದ್ರ ಒಂದೊಂದು ತುಂಡು 67, ಅದರಾಗೂ "ಕ್ಷ" ನಮಗ ಒಂದು ಅಕ್ಷರ, ಫೋನಿಗೆ ಮೂರು. ಉದ್ದ ಹೆಸರಿನ ರೈತಗ ಮೆಸೇಜ್ ಹೋದ್ರ ಅಂಗಡಿಯವರಿಗೆ ಎರಡರ ಖರ್ಚು ಬೀಳತೈತಿ. ಒತ್ತಕ್ಷರ, ಅರ್ಕಾವತ್ತು ಇರೋ ಹೆಸರು ಥರ್ಮಲ್ ಪ್ರಿಂಟರ್‌ನಾಗ ಒಡದು ಬರತಾವೇನು ನೋಡ್ರಿ. ಹಳೇ ಅಂಗಡಿಯವರು ನುಡಿ ಫಾಂಟಿನ ಡೇಟಾ ಕೊಡತಾರ, ಅದು ಯೂನಿಕೋಡ್ ಅಲ್ಲಂದ್ರ ಇಂಪೋರ್ಟ್ ಆದ ಮ್ಯಾಲ ಬರೇ ಇಂಗ್ಲಿಷ್ ಅಕ್ಷರದ ಕಸ ಕಾಣತೈತಿ. ಇದನ್ನ ಇಷ್ಟು ದಿನ ಅರ್ಧಂಬರ್ಧ ನೋಡೇವಿ, ಪೂರ್ತಿ ನೋಡೋರು ಬೇಕಾಗಿದ್ರು.

ನಾಕನೇ ವಾರ, 24ರಿಂದ 28

ಒಂದು ಸಣ್ಣ ರಿಲೀಸಿನ ಟೆಸ್ಟಿಂಗ್ ನಿಮ್ಮದ, ನಾ ಹಿಂದ ಇರತೀನಿ. ಬ್ಯಾರೆ ಕಡೆ ಶುಕ್ರವಾರ ರಿಲೀಸ್ ಮಾಡಬಾರದು ಅಂತಾರ, ನಮ್ಮಲ್ಲಿ ಶುಕ್ರವಾರ ಮುಂಜಾನೇನ ಮಾಡೋದು, ಯಾಕಂದ್ರ ಸೋಮವಾರ, ಗುರುವಾರ ಮಾರ್ಕೆಟ್, ಶುಕ್ರವಾರ ಮಾಡಿದ್ರ ಕೆಟ್ಟದ್ದನ್ನ ಸರಿ ಮಾಡಾಕ ಸೋಮವಾರದ ತನಕ ವ್ಯಾಳೆ ಸಿಗತೈತಿ. ಪಟ್ಟಿ ನಂಬರ್ ಏಪ್ರಿಲ್ 1ಕ್ಕ ಮತ್ತ 1ರಿಂದ ಸುರುವಾಗತಾವು, ಅದಕ್ಕ ಸ್ಟೇಜಿಂಗ್‌ನಾಗ ಮಾರ್ಚ್ 31, ಏಪ್ರಿಲ್ 1 ಎರಡೂ ತಾರೀಖಿಗೆ ಪಟ್ಟಿ ಮಾಡ್ರಿ, ಆಮ್ಯಾಲ ಇದನ್ನ ಓಡಸ್ರಿ, ಒಂದೂ ಸಾಲು ಬರಬಾರದು:

```
SELECT shop_id, fy, patti_no, COUNT(*)
FROM patti
GROUP BY shop_id, fy, patti_no
HAVING COUNT(*) > 1;
```

ಆಟೊಮೇಶನ್ ಈ ತಿಂಗಳು ಬ್ಯಾಡ. ನಿಮಗ ಪ್ಲೇರೈಟ್ ಬರತೈತಿ ಅಂತ ಇಂಟರ್‌ವ್ಯೂದಾಗ ನೋಡೇವಿ, ಕೈ ತುರಿಸಬಹುದು, ಆದ್ರ ಏನು ಚೆಕ್ ಮಾಡಬೇಕು ಅಂತ ಗೊತ್ತಾಗೂ ಮೊದಲ ಬರದ ಟೆಸ್ಟು ಹಸರಾಗೇ ಇರತಾವು, ಬಗ್ಗೂ ಒಳಗ ಇರತಾವು. ಡಿಸೆಂಬರ್‌ನಾಗ ಸುರು ಮಾಡೋಣು.

28ಕ್ಕ ಮಧ್ಯಾಹ್ನ ಊಟ ಆದ ಮ್ಯಾಲ ನಿಮ್ಮ ಜೋಡಿ ಒಂದು ತಾಸು ಕೂಡತೀನಿ. ಮೂರು ಕೇಳತೀನಿ: ಒಂದು ಪಟ್ಟಿ ಕೈಯಿಂದ ಲೆಕ್ಕ ಹಾಕಿ ತೋರಸ್ರಿ, ಈ ಪ್ರಾಡಕ್ಟಿನಾಗ ನಿಮಗ ಅತೀ ಹೆದರಿಕಿ ಎಲ್ಲಿ ಅನಿಸತೈತಿ ಹೇಳ್ರಿ, ನಾವು ಟೆಸ್ಟ್ ಮಾಡೋ ರೀತಿಯೊಳಗ ಏನು ಹುಚ್ಚುತನ ಕಂಡ್ರಿ ಅದನ್ನೂ ಹೇಳ್ರಿ. ಮೂರನೇದಕ್ಕ ಮುಲಾಜು ಬ್ಯಾಡ್ರಿ. ಡಿಸೆಂಬರ್ 5ರ ರಿಲೀಸ್ ಲಿಸ್ಟಿನಾಗ ಟೆಸ್ಟರ್ ಅಂತ ನಿಮ್ಮ ಹೆಸರ ಹಾಕೀನಿ, ನಿಮಗ ಇನ್ನೂ ಒಂದು ವಾರ ಬೇಕನಿಸಿದ್ರ ಅವತ್ತ ಹೇಳಿಬಿಡ್ರಿ, 12ನೇದಕ್ಕ ಬದಲಿ ಮಾಡತೀನಿ.